ನೈಲ್ ನದಿಯ ಸರಣಿಯಲ್ಲಿ ಎಆರ್ ಬೇಕೆ, ಎಂಎ ಬೇಕೆ: ನನ್ನ ಅನುಭವ

ಆಸ್ವಾನ್ ಬಳಿ ನೈಲ್ ನದಿಯಲ್ಲಿ ವರ್ಷಕ್ಕೆ ಹರಿದ ನೀರಿನ ಪ್ರಮಾಣವನ್ನು 1871ರಿಂದ 1970ರವರೆಗೆ ದಾಖಲಿಸಿದ ನೂರು ಅಂಕಿಗಳ ಸರಣಿಯೊಂದು ಆರ್ ತಂತ್ರಾಂಶದ ಜೊತೆಗೇ ಬರುತ್ತದೆ. ಸರಣಿಗೆ ತನ್ನದೇ ಹಿಂದಿನ ಅಂಕಿಗಳೊಂದಿಗಿರುವ ಸಂಬಂಧವನ್ನು ತೋರಿಸುವ ಸ್ವಸಹಸಂಬಂಧದ ನಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ನಾನು ಚೆನ್ನಾಗಿ ಅರಿತದ್ದು ಈ ಸರಣಿಗೆ ಮಾದರಿ ಕಟ್ಟುವಾಗ.

```r
acf(Nile)
pacf(Nile)
acf(diff(Nile))
```

ಮೊದಲ ನಕ್ಷೆಯ ಎಡತುದಿಯಲ್ಲಿ 1ರ ಎತ್ತರಕ್ಕೆ ನಿಂತಿರುವ ಕಡ್ಡಿಯು ಸರಣಿಗೆ ತನ್ನೊಂದಿಗೇ ಇರುವ ಸಂಬಂಧವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಹೊಸಬರು ಅದನ್ನೇ ಮೊದಲ ಲ್ಯಾಗ್, ಅಂದರೆ ಒಂದು ವರ್ಷ ಹಿಂದಿನ ಅಂಕಿಯೊಂದಿಗಿನ ಸಂಬಂಧ, ಎಂದುಕೊಳ್ಳುವುದುಂಟು. ನೂರು ಅಂಕಿಗಳಿರುವಾಗ ಚುಕ್ಕೆಗೆರೆಗಳು 1.96ನ್ನು ನೂರರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.2ರ ಮೇಲೆ ಮತ್ತು ಕೆಳಗೆ ಬೀಳುತ್ತವೆ. ನೆನಪೇ ಇಲ್ಲದ ಸರಣಿಯಲ್ಲೂ ಇಪ್ಪತ್ತು ಕಡ್ಡಿಗಳಿಗೆ ಒಂದರಂತೆ ಈ ಗೆರೆಯನ್ನು ದಾಟುವುದು ಸಹಜವಾದ್ದರಿಂದ, ದೂರದ ಲ್ಯಾಗ್‌ನಲ್ಲಿ ಒಂಟಿಯಾಗಿ ತಲೆ ಎತ್ತಿದ ಕಡ್ಡಿಗಾಗಿ ನಾನು ಮಾದರಿಗೆ ಪದವನ್ನು ಸೇರಿಸುವುದಿಲ್ಲ.

ಇಲ್ಲಿ ಮೊದಲ ಲ್ಯಾಗ್‌ನ ಮೌಲ್ಯ ಸುಮಾರು 0.5, ಎರಡನೆಯದು 0.38ರ ಆಸುಪಾಸು, ಮೂರನೆಯದೂ 0.3ಕ್ಕಿಂತ ಮೇಲೆಯೇ ಇದೆ. ನಡುವಿನ ಲ್ಯಾಗ್‌ಗಳ ಪ್ರಭಾವವನ್ನು ತೆಗೆದು ತೋರಿಸುವ ಭಾಗಶಃ ಸ್ವಸಹಸಂಬಂಧದ ನಕ್ಷೆಯಲ್ಲಾದರೋ ಮೊದಲ ಕಡ್ಡಿ ಎತ್ತರವಾಗಿದ್ದು, ಎರಡನೆಯದು ಗೆರೆಯ ಒಳಗೇ ನಿಲ್ಲುತ್ತದೆ. ಸಹಸಂಬಂಧ ನಿಧಾನವಾಗಿ ಇಳಿದು, ಭಾಗಶಃ ಸಹಸಂಬಂಧ ಒಂದರ ನಂತರ ಕಡಿದುಹೋದರೆ ಹಿಂದಿನ ಅಂಕಿಯನ್ನು ಆಧರಿಸುವ ಒಂದು ಎಆರ್ ಪದ ಸಾಕು ಎಂಬ ಪಾಠದ ಪ್ರಕಾರ ಉತ್ತರ ಸಿಕ್ಕಿಬಿಟ್ಟಂತೆ ತೋರುತ್ತದೆ. ಆದರೆ ಒಂದೇ ಎಆರ್ ಪದವಿರುವ ಸರಣಿಯಲ್ಲಿ ಪ್ರತಿ ಲ್ಯಾಗ್‌ಗೂ ಮೌಲ್ಯವು ಅದೇ ಅಂಶದಿಂದ ಗುಣಿಸಲ್ಪಡುತ್ತ ಹೋಗಬೇಕು: 0.5 ಆದ ಮೇಲೆ 0.25, ಆಮೇಲೆ 0.125. ನಮ್ಮ ಕಡ್ಡಿಗಳು ಅಷ್ಟು ಬೇಗ ಇಳಿಯುತ್ತಿಲ್ಲ. ಕಡ್ಡಿ ಗೆರೆ ದಾಟಿದೆಯೇ ಎಂದಷ್ಟೇ ನೋಡದೆ, ಇಳಿಕೆಯ ವೇಗವನ್ನು ಹೀಗೆ ಕೈಯಲ್ಲೇ ಗುಣಿಸಿ ನೋಡುವುದು ನನ್ನ ಅಭ್ಯಾಸ.

ಇಳಿಕೆ ಹೀಗೆ ಮಂದವಾಗಿದ್ದರೆ ಸರಣಿಯ ಮಟ್ಟವೇ ಸ್ಥಿರವಾಗಿಲ್ಲವೆಂದು ಭಾವಿಸಿ, ಪ್ರತಿ ವರ್ಷದ ಅಂಕಿಯಿಂದ ಹಿಂದಿನ ವರ್ಷದ್ದನ್ನು ಕಳೆಯುವುದು ರೂಢಿ. ಕಳೆದ ಮೇಲೆ ಮೊದಲ ಲ್ಯಾಗ್‌ನಲ್ಲಿ ಸುಮಾರು −0.4ರ ಕಡ್ಡಿಯೊಂದು ಎದ್ದು ಕಾಣುತ್ತದೆ. ಒಂದೇ ಕಡ್ಡಿ, ಅದೂ ಋಣಾತ್ಮಕ ಎಂದರೆ ಅದು ಹಿಂದಿನ ವರ್ಷದ ಮುನ್ನೋಟದ ತಪ್ಪನ್ನು ಆಧರಿಸುವ ಒಂದು ಎಂಎ ಪದದ ಗುರುತು, ಮತ್ತು `arima(Nile, order = c(0,1,1))` ಎಂದು ಹೊಂದಿಸಿದರೆ ಗುಣಕ ಸುಮಾರು −0.73 ಬರುತ್ತದೆ. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ, ಅದು ಕೆಟ್ಟ ಮಾದರಿಯೂ ಅಲ್ಲ. ಆದರೆ ನೆನಪೇ ಇಲ್ಲದ ಸರಣಿಯನ್ನು ಅನಗತ್ಯವಾಗಿ ಕಳೆದರೂ ಮೊದಲ ಲ್ಯಾಗ್‌ನಲ್ಲಿ −0.5 ಹುಟ್ಟಿಕೊಳ್ಳುತ್ತದೆ, ಏಕೆಂದರೆ ಅಕ್ಕಪಕ್ಕದ ಎರಡು ವ್ಯತ್ಯಾಸಗಳಲ್ಲಿ ಒಂದೇ ಅಂಕಿ ವಿರುದ್ಧ ಚಿಹ್ನೆಯೊಂದಿಗೆ ಬಂದಿರುತ್ತದೆ. ಆದ್ದರಿಂದ ಆ ಮೌಲ್ಯದ ಹತ್ತಿರ ಕಡ್ಡಿ ಕಂಡಾಗ ಅದನ್ನು ಸೃಷ್ಟಿಸಿದ್ದು ನದಿಯೋ ನಾನು ಮಾಡಿದ ಕಳೆಯುವಿಕೆಯೋ ಎಂದು ಅನುಮಾನಿಸಿ, ಮೂಲ ಸರಣಿಯ ಚಿತ್ರಕ್ಕೆ ಮರಳುತ್ತೇನೆ.

ಆ ಚಿತ್ರದಲ್ಲಿ 1898ರ ನಂತರ ಹರಿವು ಒಮ್ಮೆಲೇ ತಗ್ಗಿ, ಮತ್ತೆ ಹಳೆಯ ಮಟ್ಟಕ್ಕೆ ಏರಿಲ್ಲದಿರುವುದು ಬರಿಗಣ್ಣಿಗೇ ಕಾಣುತ್ತದೆ. ಆಸ್ವಾನ್‌ನ ಮೊದಲ ಅಣೆಕಟ್ಟಿನ ಕೆಲಸ ಶುರುವಾದದ್ದೂ 1899ರಲ್ಲಿ. ಮೊದಲ 28 ವರ್ಷಗಳ ಸರಾಸರಿ ಸುಮಾರು 1,098 ಇದ್ದರೆ, ಉಳಿದ 72 ವರ್ಷಗಳದ್ದು 850 (ಅಳತೆ ಹತ್ತು ಕೋಟಿ ಘನ ಮೀಟರ್‌ಗಳಲ್ಲಿ). ಇಡೀ ಸರಣಿಯ ವೇರಿಯನ್ಸ್ ಸುಮಾರು 28,600. ಈ ಎರಡು ಸರಾಸರಿಗಳ ಅಂತರವೊಂದೇ ಅದರಲ್ಲಿ 12,400ರಷ್ಟನ್ನು ಕೊಡುತ್ತದೆ. ಹಾಗಾಗಿ ವರ್ಷದಿಂದ ವರ್ಷಕ್ಕೆ ಯಾವ ನೆನಪೂ ಇಲ್ಲದಿದ್ದರೂ ಈ ಒಂದು ಮೆಟ್ಟಿಲಿನಿಂದಲೇ ಮೊದಲ ಕೆಲವು ಲ್ಯಾಗ್‌ಗಳಲ್ಲಿ 0.4ರ ಸುತ್ತಮುತ್ತಲಿನ, ಬಹಳ ಮೆಲ್ಲಗೆ ಇಳಿಯುವ ಕಡ್ಡಿಗಳು ಮೂಡಬೇಕು. ಇದನ್ನು ಪರೀಕ್ಷಿಸಲು ಎರಡು ಸಾಲು ಸಾಕು:

```r
h <- ifelse(time(Nile) <= 1898, 0, 1)
acf(resid(lm(Nile ~ h)))
```

ಎರಡು ಅವಧಿಗಳಿಗೂ ಅವುಗಳದೇ ಸರಾಸರಿಯನ್ನು ಕಳೆದ ಮೇಲೆ ಮೊದಲ ಲ್ಯಾಗ್ ಚುಕ್ಕೆಗೆರೆಯ ಒಳಕ್ಕೆ ಇಳಿಯುತ್ತದೆ, ಎರಡನೆಯದು ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ಎಆರ್ ಪದವನ್ನಾಗಲಿ ಎಂಎ ಪದವನ್ನಾಗಲಿ ಬೇಡುವಂಥದ್ದು ಅಲ್ಲಿ ಉಳಿದಿಲ್ಲ. ನಾನು ಮೆಟ್ಟಿಲನ್ನಷ್ಟೇ ಇಟ್ಟುಕೊಂಡೆ.

ಹೀಗೆ ಆರಿಸಲು ಸರಣಿಯ ಹೊರಗಿನ ಕಾರಣವೊಂದು ಕೈಯಲ್ಲಿರಬೇಕು. ಕಾರಣವಿಲ್ಲದೆ ಬೇಕಾದ ಕಡೆಯಲ್ಲೆಲ್ಲ ಮೆಟ್ಟಿಲು ಕಡಿಯುತ್ತ ಹೋದರೆ ಯಾವ ಸ್ವಸಹಸಂಬಂಧವನ್ನಾದರೂ ಅಳಿಸಿಹಾಕಬಹುದು. ಮಟ್ಟ ಇನ್ನೂ ಬದಲಾಗುತ್ತಿರಬಹುದೆಂಬ ಶಂಕೆಯಿದ್ದರೆ ಎಂಎ ಮಾದರಿಯೇ ಮೇಲು, ಏಕೆಂದರೆ ಅದು ಪ್ರತಿ ಹೊಸ ಅಂಕಿಗೂ 0.27ರಷ್ಟು ತೂಕ ಕೊಟ್ಟು ತನ್ನ ಅಂದಾಜನ್ನು ಸರಿಸಿಕೊಳ್ಳುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಮುನ್ನೋಟದ ಅಂತರದಲ್ಲಿ ಕಾಣುತ್ತದೆ: ಮೆಟ್ಟಿಲಿನ ಮಾದರಿಯಲ್ಲಿ ಹತ್ತನೆಯ ವರ್ಷದ ಅನಿಶ್ಚಿತತೆ ಮೊದಲ ವರ್ಷದಷ್ಟೇ ಇರುತ್ತದೆ, ಕಳೆದು ಕಟ್ಟಿದ ಮಾದರಿಯಲ್ಲಿ ಅದು ವರ್ಷ ವರ್ಷವೂ ಹಿಗ್ಗುತ್ತ ಹೋಗುತ್ತದೆ.