ಎರಡು ಅಳತೆಗಳ ನಡುವಿನ ನೀರಿನ ಮಟ್ಟವನ್ನು ಬಹುಪದೋಕ್ತಿಯಿಂದ ಕಂಡುಹಿಡಿಯುವುದು ಹೇಗೆ?

ಕೊಡಗಿನ ಕಾಫಿ ತೋಟವೊಂದರ ಅಂಚಿನಲ್ಲಿ ಹರಿಯುವ ತೋಡಿನಲ್ಲಿ ಅಡಿ ಗುರುತಿನ ಗೂಟ ನೆಟ್ಟು, ಹೂಮಳೆ ಸುರಿದ ಸಂಜೆ ನೀರಿನ ಮಟ್ಟವನ್ನು ಬರೆದಿಟ್ಟಿದ್ದೇವೆ ಎಂದುಕೊಳ್ಳೋಣ. ಮೊದಲ ಅಳತೆಯಲ್ಲಿ 2 ಅಡಿ, ಒಂದು ಗಂಟೆಯ ಬಳಿಕ 3 ಅಡಿ, ಮೂರನೆಯ ಗಂಟೆಗೆ ಮತ್ತೆ 2 ಅಡಿ. ಎರಡನೆಯ ಗಂಟೆಯ ಅಳತೆ ತಪ್ಪಿಹೋಗಿದ್ದು, ಆಗ ನೀರು ಎಷ್ಟಿತ್ತು ಎಂಬುದು ಪ್ರಶ್ನೆ.

ಮೂರು ಅಳತೆಗಳಿರುವುದರಿಂದ ಮೂರು ಗುಣಾಂಕಗಳ ಬಹುಪದೋಕ್ತಿ ಸಾಕು: h = a + bt + ct². ಇಲ್ಲಿ t ಎಂದರೆ ಗಂಟೆ, h ಎಂದರೆ ಮಟ್ಟ. ಪ್ರತಿ ಅಳತೆಯನ್ನೂ ಇದರಲ್ಲಿ ಆದೇಶಿಸಿದರೆ ಒಂದೊಂದು ಸಮೀಕರಣ ಸಿಗುತ್ತದೆ.

```
a           = 2
a +  b +  c = 3
a + 3b + 9c = 2
```

t² ಇದ್ದರೂ ಇವು ರೇಖಾತ್ಮಕ ಸಮೀಕರಣಗಳೇ, ಏಕೆಂದರೆ ಗಂಟೆಗಳು ನಮಗೆ ಗೊತ್ತಿರುವ ಸಂಖ್ಯೆಗಳು. ಗೊತ್ತಿಲ್ಲದಿರುವುದು a, b, c ಮಾತ್ರ. ಮೊದಲನೆಯದರಿಂದ a = 2. ಉಳಿದವು b + c = 1 ಮತ್ತು 3b + 9c = 0 ಆಗುವುದರಿಂದ c = −0.5, b = 1.5. ಎರಡನೆಯ ಗಂಟೆಗೆ 2 + 3 − 2, ಅಂದರೆ 3 ಅಡಿ. ಯಾವ ಎರಡು ಅಳತೆಗಳೂ ಒಂದೇ ಹೊತ್ತಿನವಾಗಿರದಿದ್ದರೆ ಇಂಥ ಸಮೀಕರಣಗಳಿಗೆ ಯಾವಾಗಲೂ ಒಂದೇ ಒಂದು ಪರಿಹಾರ ಇರುತ್ತದೆ.

ಹಾಗಾದರೆ ಅಳತೆಗಳು ಹೆಚ್ಚಿದಷ್ಟೂ ಉತ್ತರ ನಿಖರವಾಗಬೇಕಲ್ಲವೇ ಎಂದು ಅನ್ನಿಸುವುದು ಸಹಜ, ಎಡವುವುದೂ ಅಲ್ಲಿಯೇ. ಗಂಟೆಗೊಂದರಂತೆ ಹನ್ನೊಂದು ಅಳತೆಗಳಿವೆ ಎನ್ನೋಣ. ನಡುವಿನ ಅಳತೆಯಲ್ಲಿ ಮಾತ್ರ ನೀರು ಮಾಮೂಲಿ ಮಟ್ಟಕ್ಕಿಂತ 1 ಅಡಿ ಮೇಲೇರಿತ್ತು, ಉಳಿದ ಹತ್ತರಲ್ಲೂ ಏರಿಕೆ ಸೊನ್ನೆ. ನಡುವಿನ ಗಂಟೆಯನ್ನು ಸೊನ್ನೆಯೆಂದು ಎಣಿಸಿ, ಹತ್ತನೆಯ ಘಾತದ ಬಹುಪದೋಕ್ತಿಯನ್ನು ಗಣಕದಲ್ಲಿ ಹೀಗೆ ಪಡೆಯಬಹುದು.

```python
import numpy as np
t = np.arange(-5., 6)
h = np.where(t == 0, 1.0, 0.0)
V = np.vander(t, increasing=True)
c = np.linalg.solve(V, h)
print(np.polyval(c[::-1], 4.5))
```

ಉತ್ತರ ಸುಮಾರು 4.93. ಕೊನೆಯ ಎರಡು ಅಳತೆಗಳಲ್ಲೂ ತೋಡು ಮಾಮೂಲಿಯಾಗಿಯೇ ಹರಿಯುತ್ತಿದ್ದರೂ, ಅವುಗಳ ನಡುವೆ ನೀರು ಸುಮಾರು ಐದು ಅಡಿ ಉಕ್ಕಿತ್ತು ಎಂದು ರೇಖೆ ಹೇಳುತ್ತದೆ. ಅದಕ್ಕೂ ಒಂದು ಗಂಟೆ ಮೊದಲು, 3.5ರಲ್ಲಿ, ನೀರು ಮಾಮೂಲಿಗಿಂತ ಒಂದು ಅಡಿ ಕೆಳಗಿಳಿದಿತ್ತಂತೆ. ಹನ್ನೊಂದು ಬಿಂದುಗಳ ಮೂಲಕವೂ ರೇಖೆ ಕರಾರುವಾಕ್ಕಾಗಿ ಹಾದುಹೋಗುತ್ತದೆ, ಗಣಕವೂ ಲೆಕ್ಕ ತಪ್ಪಿಲ್ಲ. ಕಾಗದದ ಮೇಲೆ ಭಿನ್ನರಾಶಿಗಳಲ್ಲಿ ಬಿಡಿಸಿದರೂ ಇದೇ ಉತ್ತರ ಬರುತ್ತದೆ.

ಕಾರಣ ಅಳತೆಗಳ ಸಮಾನ ಅಂತರದಲ್ಲಿದೆ. ಒಂದು ಬಿಂದುವಿನಿಂದ ಹನ್ನೊಂದು ಅಳತೆಗಳಿಗೂ ಇರುವ ದೂರಗಳನ್ನು ಒಂದಕ್ಕೊಂದು ಗುಣಿಸಿ ನೋಡಿ. ನಡುಭಾಗದ 0.5ರಲ್ಲಿ ಗುಣಲಬ್ಧ ಸುಮಾರು 4,800; ಅಂಚಿನ 4.5ರಲ್ಲಿ ಸುಮಾರು 3,20,000. ನಡುವೆ ನಿಂತರೆ ಅಳತೆಗಳು ಎರಡೂ ಕಡೆ ಹತ್ತಿರದಲ್ಲಿರುತ್ತವೆ, ಅಂಚಿನಲ್ಲಿ ನಿಂತರೆ ಹೆಚ್ಚಿನವು ಒಂದೇ ಕಡೆ ದೂರದೂರ ಉಳಿಯುತ್ತವೆ. ಬಹುಪದೋಕ್ತಿಯ ದೋಷದಲ್ಲಿ ಈ ಗುಣಲಬ್ಧವೇ ಒಂದು ಅಂಶವಾದ್ದರಿಂದ ಹುಚ್ಚಾಟವೆಲ್ಲ ಅಂಚುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ಕಾರ್ಲ್ ರುಂಗೆ 1901ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಕೆಲವು ನಯವಾದ ರೇಖೆಗಳಲ್ಲಿಯೂ ಸಮಾನ ಅಂತರದ ಬಿಂದುಗಳನ್ನು ಹೆಚ್ಚಿಸುತ್ತ ಹೋದಂತೆ ಅಂಚಿನ ದೋಷ ಕಡಿಮೆಯಾಗುವ ಬದಲು ಬೆಳೆಯುತ್ತದೆ.

ಗಣಕದ ತೊಂದರೆ ಬೇರೆಯೇ ಇದೆ. ಗಂಟೆಗಳನ್ನು 0ಯಿಂದ 10ರವರೆಗೆ ಎಣಿಸಿದರೆ ಗಂಟೆಯ ಘಾತಗಳನ್ನು ಜೋಡಿಸಿದ V ಮಾತೃಕೆಯ ಕೊನೆಯ ಸಾಲಿನಲ್ಲಿ 1 ಮತ್ತು 10¹⁰ ಒಟ್ಟಿಗೆ ಬಂದು ಕೂರುತ್ತವೆ, ಸಂಖ್ಯೆಗಳನ್ನು ಸೀಮಿತ ಅಂಕಿಗಳಿಗೆ ಇಳಿಸುವಾಗಿನ ಸಣ್ಣ ತಪ್ಪುಗಳು ಹಿಗ್ಗುತ್ತವೆ. ನಡುವಿನ ಹೊತ್ತನ್ನು ಸೊನ್ನೆಯಾಗಿಸಿದರೆ ಇದು ತಗ್ಗುತ್ತದೆ, ಆದರೆ ಅಂಚಿನ ಕುಣಿತ ನಿಲ್ಲುವುದಿಲ್ಲ.

ರೇಖೆ ನಂಬಲರ್ಹವೇ ಎಂದು ತಿಳಿಯಲು ಒಂದು ಅಳತೆಯನ್ನು ಬದಿಗಿಟ್ಟು, ಉಳಿದವುಗಳಿಂದ ಅದನ್ನು ಊಹಿಸಿ ನೋಡಬೇಕು. ಮೇಲಿನ ಉದಾಹರಣೆಯಲ್ಲಿ t = 4ರ ಅಳತೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಹೊತ್ತಿಗೆ −25.2 ಅಡಿ ಎಂದು ಬರುತ್ತದೆ. ನಿಜವಾದ ಅಳತೆ ಸೊನ್ನೆ.

ಇಂಥ ಉತ್ತರ ಬಂದಲ್ಲಿ ಒಂದೇ ಬಹುಪದೋಕ್ತಿಯ ಹಟ ಬಿಡುವುದು ಒಳ್ಳೆಯದು. ಅಂಚುಗಳಲ್ಲಿ ಒತ್ತೊತ್ತಾಗಿ ಅಳತೆ ಮಾಡಿದರೆ ಕುಣಿತ ತಗ್ಗುತ್ತದೆಯಾದರೂ, ಆಗಲೇ ಬರೆದಿಟ್ಟ ಅಳತೆಗಳಿಗೆ ಆ ದಾರಿಯಿಲ್ಲ. ಪಕ್ಕಪಕ್ಕದ ಬಿಂದುಗಳನ್ನು ನೇರ ಗೆರೆಗಳಿಂದ ಜೋಡಿಸಿದರೆ 4.5ರಲ್ಲಿ ಸೊನ್ನೆಯೇ ಸಿಗುತ್ತದೆ. ನಯವಾದ ರೇಖೆಯೇ ಬೇಕೆಂದಾದರೆ ಘನ ಸ್ಪ್ಲೈನ್ ಬಳಸಬಹುದು. ಅದು ಪ್ರತಿ ಗಂಟೆಗೂ ಬೇರೆ ಮೂರನೆಯ ಘಾತದ ತುಂಡನ್ನು ಹಾಕಿ, ಕೂಡುವಲ್ಲಿ ಇಳಿಜಾರೂ ಬಾಗೂ ಹೊಂದುವಂತೆ ಮಾಡುತ್ತದೆ. ನಡುವಿನ ಏರಿಕೆಯಿಂದ ಹುಟ್ಟುವ ಅಲೆ ಗಂಟೆ ಗಂಟೆಗೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತ ಅಂಚಿಗೆ ಬರುವಷ್ಟರಲ್ಲಿ ನಗಣ್ಯವಾಗುತ್ತದೆ. ಆದರೆ ಎರಡು ಅಳತೆಗಳ ನಡುವಿನ ಅರ್ಧ ಗಂಟೆಯಲ್ಲಿ ತೋಡು ಉಕ್ಕಿ ಇಳಿದಿದ್ದರೆ ಸ್ಪ್ಲೈನ್‌ಗೂ ಅದು ಗೊತ್ತಾಗುವುದಿಲ್ಲ. ಅದಕ್ಕೆ ಗೂಟದ ಬಳಿ ಇನ್ನೂ ಬೇಗ ಬೇಗ ಅಳತೆ ತೆಗೆದುಕೊಳ್ಳಲೇಬೇಕು.