ಅರ್ಧ ಬಾಡಿಗೆ ಕೊಟ್ಟವರ ಲೆಕ್ಕ: ನಮ್ಮ ಬ್ಯಾಕ್‌ಲಾಗ್‌ಗೆ ರೈಸ್ ಅಂಕ ಹಾಕಿದ್ದು

ನಮ್ಮದು ಐದು ಜನರ ಟೀಮ್. ಬೆಂಗಳೂರಿನ ಪಿಜಿ ಮಾಲೀಕರಿಗೆ ಬಾಡಿಗೆ ಲೆಕ್ಕ ಇಡುವ ಆಪ್ ಮಾಡುತ್ತೇವೆ. ಯಾವ ರೂಮಿನಲ್ಲಿ ಯಾರಿದ್ದಾರೆ, ಅಡ್ವಾನ್ಸ್ ಎಷ್ಟು, ಈ ತಿಂಗಳ ಬಾಡಿಗೆ ಬಂತಾ ಇಲ್ವಾ, ಇಷ್ಟೇ ಅದರ ಕೆಲಸ. ತಿಂಗಳ ಹಣ ಕಟ್ಟುವವರು ಮಾಲೀಕರು. ಬಾಡಿಗೆಗೆ ಇರುವ ಹುಡುಗ ಹುಡುಗಿಯರಿಗೆ ಆಪ್ ಉಚಿತ.

2024ರ ಜೂನ್ ಕೊನೆಗೆ ನಮ್ಮ ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, 43 ಫೀಚರ್ ಕೂತಿದ್ದವು. ಪ್ರತಿ ಸೋಮವಾರದ ಮೀಟಿಂಗ್‌ನಲ್ಲಿ ಯಾರು ಕೊನೆಯದಾಗಿ ಮಾಲೀಕರ ಜೊತೆ ಮಾತಾಡಿ ಬಂದಿರುತ್ತಾರೋ ಅವರ ಫೀಚರ್ ಮೇಲೆ ಬರುತ್ತಿತ್ತು. ಇದು ಸಾಕಾಗಿ ರೈಸ್ ಪದ್ಧತಿಗೆ ಕೈ ಹಾಕಿದೆವು. ಯಾವ ಫೀಚರ್ ಮೊದಲು ಮಾಡಬೇಕು ಎಂದು ಅಂಕ ಹಾಕಿ ನೋಡಲು ಇಂಟರ್‌ಕಾಮ್ ಕಂಪನಿಯ ಪ್ರಾಡಕ್ಟ್ ಟೀಮ್ ತಮಗಾಗಿ ಮಾಡಿಕೊಂಡ ಲೆಕ್ಕ ಅದು. ರೀಚ್, ಇಂಪ್ಯಾಕ್ಟ್, ಕಾನ್ಫಿಡೆನ್ಸ್, ಎಫರ್ಟ್ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿದರೆ ಆ ಹೆಸರು. ರೀಚ್ ಅಂದರೆ ಒಂದು ಗೊತ್ತಾದ ಅವಧಿಯಲ್ಲಿ ಎಷ್ಟು ಜನರಿಗೆ ತಲುಪುತ್ತದೆ ಅನ್ನುವುದು. ಇಂಪ್ಯಾಕ್ಟ್ ಅಂದರೆ ತಲುಪಿದವರಿಗೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದು, ಅದಕ್ಕೆ 3, 2, 1, 0.5, 0.25 ಎಂಬ ಐದೇ ಮೆಟ್ಟಿಲು. ಕಾನ್ಫಿಡೆನ್ಸ್ ಅಂದರೆ ಈ ಅಂದಾಜುಗಳ ಮೇಲೆ ನಮಗಿರುವ ಭರವಸೆ, 100, 80 ಅಥವಾ 50 ಶೇಕಡಾ. ಮೂರನ್ನೂ ಗುಣಿಸಿ, ಬೇಕಾಗುವ ಎಫರ್ಟ್‌ನಿಂದ ಭಾಗಿಸಬೇಕು. ಅವರು ಎಫರ್ಟನ್ನು ಒಬ್ಬರ ಒಂದು ತಿಂಗಳ ಕೆಲಸದ ಲೆಕ್ಕದಲ್ಲಿ ಅಳೆದಿದ್ದರು. ಐದು ಜನರ ಟೀಮ್‌ಗೆ ತಿಂಗಳು ದೊಡ್ಡದಾಯಿತು, ನಾವು ವಾರ ಇಟ್ಟುಕೊಂಡೆವು. ಶೀಟ್‌ನಲ್ಲಿ ಇದು ಒಂದೇ ಸಾಲು:

```
=B2*C2*D2/E2
```

ಮೊದಲ ಸಲ ಅಂಕ ಹಾಕಲು ಒಂದೇ ಮಧ್ಯಾಹ್ನ ಸಾಕಾಯಿತು. ಫಲಿತಾಂಶ ನೋಡಿದರೆ 'ಇವತ್ತು ಊಟ ಬೇಡ' ಬಟನ್ ಎಲ್ಲಕ್ಕಿಂತ ಮೇಲೆ. ಬಾಡಿಗೆಗೆ ಇರುವವರು ಬೆಳಿಗ್ಗೆಯೇ ಒತ್ತಿದರೆ ಅಡುಗೆಯವರು ಅಷ್ಟು ಕಡಿಮೆ ಮಾಡಬಹುದು ಎಂಬ ಫೀಚರ್ ಅದು. ರೀಚ್ 11,000, ಇಂಪ್ಯಾಕ್ಟ್ 1, ಕಾನ್ಫಿಡೆನ್ಸ್ 80%, ಎಫರ್ಟ್ 8 ವಾರ. ಅಂಕ 1,100. ಬಾಡಿಗೆಯನ್ನು ಕಂತಿನಲ್ಲಿ ಕೊಟ್ಟಿದ್ದನ್ನು ಬರೆದಿಡುವ ಫೀಚರ್‌ಗೆ ರೀಚ್ 420, ಇಂಪ್ಯಾಕ್ಟ್ 2, ಕಾನ್ಫಿಡೆನ್ಸ್ 80%, ಎಫರ್ಟ್ 3 ವಾರ. ಅಂಕ 224.

ಸಪೋರ್ಟ್ ಕರೆಗಳನ್ನು ತೆಗೆದುಕೊಳ್ಳುವ ನಮ್ಮ ಸಹೋದ್ಯೋಗಿ ಇದನ್ನು ಒಪ್ಪಲಿಲ್ಲ. "ಊಟದ ಬಟನ್ ಬೇಕು ಅಂತ ಒಬ್ಬರೂ ಫೋನ್ ಮಾಡಿಲ್ಲ. ಅರ್ಧ ಬಾಡಿಗೆ ಹೇಗೆ ಹಾಕೋದು ಅಂತ ದಿನಾ ಕೇಳ್ತಾರೆ" ಅಂದರು. ಆಗ ಶೀಟನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಓದಿದೆವು. ಬಾಡಿಗೆಗೆ ಇರುವವರಿಗಾಗಿ ಬರೆದ ಫೀಚರ್‌ಗಳೆಲ್ಲ ಮೇಲೆ ಇದ್ದವು, ಮಾಲೀಕರ ಫೀಚರ್‌ಗಳೆಲ್ಲ ಕೆಳಗೆ. ಒಂದೂ ಹೊರತಿಲ್ಲ. ಅಂಕಗಳು ಹೀಗೆ ಎರಡು ಗುಂಪಾಗಿ ಒಡೆದುಕೊಂಡಿವೆ ಅಂದರೆ ರೀಚ್ ಕಾಲಂನಲ್ಲಿ ಎರಡು ಬೇರೆ ಅಳತೆ ಸೇರಿಕೊಂಡಿವೆ ಎಂದೇ ಅರ್ಥ. ಒಂದು ಕಡೆ ಬಾಡಿಗೆಗೆ ಇರುವವರ ತಲೆ ಎಣಿಸಿದ್ದೆವು, ಇನ್ನೊಂದು ಕಡೆ ಮಾಲೀಕರನ್ನು ಎಣಿಸಿದ್ದೆವು. ಕಿಲೋ ಮತ್ತು ಕ್ವಿಂಟಾಲನ್ನು ಒಂದೇ ತಕ್ಕಡಿಗೆ ಹಾಕಿದ ಹಾಗೆ.

ಇನ್ನೊಂದು ತಪ್ಪೂ ಅದರೊಳಗೇ ಇತ್ತು. 11,000 ಅನ್ನುವುದು ಡೇಟಾಬೇಸ್‌ನಲ್ಲಿದ್ದ ಹೆಸರುಗಳ ಸಂಖ್ಯೆ. ಅವರಲ್ಲಿ ಎಷ್ಟೋ ಜನ ಪಿಜಿ ಬಿಟ್ಟು ಹೋಗಿದ್ದರು, ಎಷ್ಟೋ ಜನ ಆಪ್ ಹಾಕಿಕೊಂಡೇ ಇರಲಿಲ್ಲ. ರೀಚ್ ಅನ್ನುವುದು ಮೂರು ತಿಂಗಳಲ್ಲಿ ಆ ಫೀಚರ್ ನಿಜವಾಗಿ ಎದುರಾಗುವವರ ಸಂಖ್ಯೆ. ರಿಜಿಸ್ಟರಿನಲ್ಲಿರುವ ಹೆಸರುಗಳ ಸಂಖ್ಯೆ ಅಲ್ಲ.

ಹಾಗಾಗಿ ಒಂದು ನಿಯಮ ಮಾಡಿಕೊಂಡೆವು. ಫೀಚರ್ ಯಾರಿಗಾದರೂ ಇರಲಿ, ರೀಚ್ ಎಣಿಸುವುದು ಮಾಲೀಕರಲ್ಲೇ. ಮೂರು ತಿಂಗಳಲ್ಲಿ ಎಷ್ಟು ಮಾಲೀಕರ ಕೆಲಸ ಇದರಿಂದ ಬದಲಾಗುತ್ತದೆ? ಇಂಪ್ಯಾಕ್ಟ್‌ಗೂ ಒಂದೇ ಗುರಿ ಇಟ್ಟೆವು: ಮಾಲೀಕರು ಆ ತಿಂಗಳ ಬಾಡಿಗೆ ಲೆಕ್ಕವನ್ನು ಪೂರ್ತಿಯಾಗಿ ಆಪ್‌ನಲ್ಲೇ ಮುಗಿಸುತ್ತಾರಾ?

ಈ ಗುರಿ ನನಗೆ ಹೊಳೆದದ್ದು ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿ. ಅಲ್ಲಿ ಅಕ್ಕ ಒಬ್ಬರು 38 ಬೆಡ್ ನೋಡಿಕೊಳ್ಳುತ್ತಾರೆ. ತಿಂಗಳ ಆರನೇ ತಾರೀಕು ಅವರ ಟೇಬಲ್ ಪಕ್ಕ ಸುಮ್ನೆ ಕೂತಿದ್ದೆ. ಆಪ್ ತೆರೆದೇ ಇತ್ತು. ಒಬ್ಬ ಹುಡುಗ ಬಂದು 5,000 ಕೊಟ್ಟು, ಉಳಿದದ್ದು ಸಂಬಳ ಬಂದ ಮೇಲೆ ಅಂದ. ಅಕ್ಕ ಫೋನ್ ಪಕ್ಕಕ್ಕಿಟ್ಟು, ಡ್ರಾಯರ್‌ನಿಂದ ಲಾಂಗ್ ನೋಟ್‌ಬುಕ್ ತೆಗೆದು 'ರೂಮ್ 204, ಬಾಕಿ 3,500' ಎಂದು ಬರೆದುಕೊಂಡರು. ಯಾಕಕ್ಕ ಅಂದೆ. "ನಿಮ್ದರಲ್ಲಿ ಕೊಟ್ಟಿದ್ದಾರೆ, ಕೊಟ್ಟಿಲ್ಲ ಅಂತ ಎರಡೇ ಇರೋದು. ನಮ್ಮಲ್ಲಿ ಅರ್ಧ ಕೊಟ್ಟೋರೇ ಜಾಸ್ತಿ" ಅಂದರು. ಆ ನೋಟ್‌ಬುಕ್ ಡ್ರಾಯರ್‌ನಿಂದ ಹೊರಗೆ ಬರುವಷ್ಟು ದಿನ ನಮ್ಮ ಆಪ್ ಅವರಿಗೆ ಎರಡನೇ ಲೆಕ್ಕವೇ.

ಆದರೆ ಒಬ್ಬ ಅಕ್ಕ ಹೇಳಿದ್ದನ್ನು 420 ಮಾಲೀಕರಿಗೂ ಹಚ್ಚುವ ಹಾಗಿಲ್ಲ. ಅರ್ಧ ಬಾಡಿಗೆ ಬಂದಾಗ ಬೇರೆ ಮಾಲೀಕರು ಏನು ಮಾಡುತ್ತಿರಬಹುದು ಎಂದು ಯೋಚಿಸಿದೆವು. ಪೇಮೆಂಟ್ ಪಕ್ಕದ ಟಿಪ್ಪಣಿ ಜಾಗದಲ್ಲಿ ಬರೆದಿಡುತ್ತಿರಬೇಕು. ಅದನ್ನೇ ಹುಡುಕಿದೆವು:

```sql
SELECT COUNT(DISTINCT owner_id)
FROM payments
WHERE paid_on >= '2024-04-01'
  AND paid_on <  '2024-07-01'
  AND (LOWER(note) LIKE '%balance%'
    OR LOWER(note) LIKE '%baki%'
    OR note LIKE '%ಬಾಕಿ%');
```

310 ಬಂತು. ಇದು ಅಂದಾಜಲ್ಲ, ಆ ತೊಂದರೆಗೆ ತಾವೇ ಅಡ್ಡದಾರಿ ಹುಡುಕಿಕೊಂಡ ಮಾಲೀಕರ ಎಣಿಕೆ. ರೀಚ್ ಗೊತ್ತಾಗಬೇಕಾದರೆ ಜನ ಈಗ ಆ ಕೆಲಸವನ್ನು ಹೇಗೋ ಮಾಡಿಕೊಳ್ಳುತ್ತಿರುವ ಗುರುತನ್ನು ಹುಡುಕುವುದೇ ಒಳ್ಳೆಯ ದಾರಿ ಎಂದು ನನಗೆ ಆಮೇಲಿಂದ ಅನ್ನಿಸಿದೆ. ಊಟದ ಬಟನ್‌ಗೂ ಹಾಗೇ ಎಣಿಸಿದೆವು. ಊಟ ಕೊಡುವ ಪಿಜಿಗಳಲ್ಲಿ, ಕನಿಷ್ಠ ಹತ್ತು ಜನರಾದರೂ ಆಪ್ ತೆರೆಯುವ ಪಿಜಿಗಳನ್ನು ನಡೆಸುವ ಮಾಲೀಕರು 140 ಮಾತ್ರ.

ಎಫರ್ಟ್ ಹಾಕುವಾಗ ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿದೆವು. ಮೊದಲು ಮಾತಾಡಿದವರ ಸಂಖ್ಯೆಯ ಸುತ್ತಲೇ ಉಳಿದವರ ಸಂಖ್ಯೆಯೂ ಬಂದು ನಿಲ್ಲುತ್ತದೆ, ಅಲ್ವಾ? ಎಲ್ಲರೂ ಚೀಟಿಯಲ್ಲಿ ಬರೆದು ಒಟ್ಟಿಗೆ ತಿರುಗಿಸಿದೆವು. ಕಂತಿನ ಬಾಡಿಗೆಗೆ ಆಂಡ್ರಾಯ್ಡ್ ಹುಡುಗ 2 ವಾರ ಎಂದು ಬರೆದಿದ್ದ, ಸರ್ವರ್ ನೋಡಿಕೊಳ್ಳುವವರು 7 ಎಂದು ಬರೆದಿದ್ದರು. ಇಂಥ ಕಡೆ ಸರಾಸರಿ ತೆಗೆಯಬಾರದು, ಯಾಕೆ ಇಷ್ಟು ವ್ಯತ್ಯಾಸ ಎಂದು ಕೇಳಬೇಕು. ನಮ್ಮ ಡೇಟಾಬೇಸ್ ಟೇಬಲ್‌ನಲ್ಲಿ ಒಂದು ಬೆಡ್‌ಗೆ ಒಂದು ತಿಂಗಳಿಗೆ ಒಂದೇ ಪೇಮೆಂಟ್ ಇರಬೇಕು ಎಂಬ ಕಟ್ಟುಪಾಡು ಇತ್ತು. ರಸೀದಿ, ತಿಂಗಳ ವರದಿ, ಬಿಟ್ಟುಹೋಗುವಾಗಿನ ಲೆಕ್ಕ, ಮೂರೂ ಅದರ ಮೇಲೆ ನಿಂತಿದ್ದವು. ಸ್ಕ್ರೀನ್ ಮಾತ್ರ ನೋಡಿದವನಿಗೆ ಅದು ಕಾಣುವುದಿಲ್ಲ. ಹಳೇ ಡೇಟಾ ಬದಲಾಯಿಸುವುದು, ಟೆಸ್ಟಿಂಗ್ ಎಲ್ಲ ಸೇರಿ 6 ವಾರಕ್ಕೆ ಒಪ್ಪಿದೆವು.

ಕಾನ್ಫಿಡೆನ್ಸ್‌ಗೆ ಗಟ್ಟಿ ನಿಯಮ ಬೇಕಿತ್ತು, ಯಾಕೆಂದರೆ ಎಲ್ಲರೂ ತಮ್ಮ ಫೀಚರ್‌ಗೆ 80 ಹಾಕುತ್ತಿದ್ದರು. ಮೂರು ಪ್ರಶ್ನೆ ಇಟ್ಟೆವು. ರೀಚ್ ನಮ್ಮ ಡೇಟಾದಿಂದ ಬಂದಿದೆಯಾ? ಇಂಪ್ಯಾಕ್ಟನ್ನು ಕನಿಷ್ಠ ಐದು ಮಾಲೀಕರ ಜೊತೆ ಕೂತು ನೋಡಿದ್ದೇವಾ? ಎಫರ್ಟ್ ಹೇಳಿದವರು ಕೋಡ್ ತೆರೆದು ನೋಡಿದ್ದಾರಾ? ಮೂರಕ್ಕೂ ಹೌದು ಅಂದರೆ 100, ಎರಡಕ್ಕೆ 80, ಒಂದಕ್ಕೆ 50. ಒಂದೂ ಇಲ್ಲ ಅಂದರೆ ಆ ಫೀಚರ್ ಶೀಟಿಗೇ ಬರುವುದಿಲ್ಲ. ಬಿಟಿಎಂ ಅಕ್ಕನನ್ನೂ ಸೇರಿಸಿ ಆಗ ಮೂರೇ ಮಾಲೀಕರ ಜೊತೆ ಕೂತಿದ್ದೆವು, ಹಾಗಾಗಿ ಕಂತಿನ ಬಾಡಿಗೆಗೆ 80.

ಎರಡನೇ ಸಲದ ಲೆಕ್ಕ ಹೀಗೆ ಬಂತು. ಊಟದ ಬಟನ್: 140 × 1 × 0.5 ÷ 8, ಅಂದರೆ ಸುಮಾರು 9. ಕಂತಿನ ಬಾಡಿಗೆ: 310 × 2 × 0.8 ÷ 6, ಸುಮಾರು 83. ಇವೆರಡಕ್ಕಿಂತ ಮೇಲೆ ವಾಟ್ಸಾಪ್‌ನಲ್ಲಿ ಬಾಡಿಗೆ ನೆನಪಿಸುವ ಫೀಚರ್ ಬಂದು ಕೂತಿತು: 380 × 2 × 0.8 ÷ 4, ಅಂದರೆ 152.

ಅಂಕದ ಪ್ರಕಾರ ವಾಟ್ಸಾಪ್ ಮೊದಲು ಮಾಡಬೇಕಿತ್ತು. ಆದರೆ 5,000 ಕೊಟ್ಟ ಆ ರೂಮ್ 204ರ ಹುಡುಗನನ್ನೇ ನೆನಪಿಸಿಕೊಳ್ಳಿ. ಆಪ್‌ಗೆ ಕಂತು ಅರ್ಥವೇ ಆಗದಿದ್ದರೆ ಅವನಿಗೆ 'ನಿಮ್ಮ ಬಾಡಿಗೆ 8,500 ಬಾಕಿ ಇದೆ' ಎಂದು ಮೆಸೇಜ್ ಹೋಗುತ್ತದೆ. ಅವನು ಅಕ್ಕನ ಹತ್ತಿರ ಜಗಳಕ್ಕೆ ಬರುತ್ತಾನೆ, ಅಕ್ಕ ಮೆಸೇಜ್ ಆಫ್ ಮಾಡುತ್ತಾರೆ. ಒಂದು ಫೀಚರ್ ಇನ್ನೊಂದರ ಮೇಲೆ ನಿಂತಿದೆ ಎಂಬುದು ಈ ಲೆಕ್ಕಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ಗಂಟು ಮಾಡಿದೆವು. ಎಫರ್ಟ್‌ನಿಂದ ಭಾಗಿಸುವ ಮೊದಲಿನ ಗುಣಲಬ್ಧಗಳು 496 ಮತ್ತು 608, ಕೂಡಿಸಿದರೆ 1,104. ಎಫರ್ಟ್ 10 ವಾರ. ಅಂಕ ಸುಮಾರು 110. ಉಳಿದ ಯಾವ ಫೀಚರೂ 40 ದಾಟಿರಲಿಲ್ಲ. ಗಂಟನ್ನು ತೆಗೆದುಕೊಂಡು, ಅದರೊಳಗೆ ಕಂತಿನ ಬಾಡಿಗೆ ಮೊದಲು ಮಾಡಿದೆವು. ವಾಟ್ಸಾಪ್‌ನ ಮೆಸೇಜ್ ಟೆಂಪ್ಲೇಟ್‌ಗೆ ಮೊದಲೇ ಒಪ್ಪಿಗೆ ಬೇಕಲ್ಲ, ಆ ಅರ್ಜಿಯನ್ನು ಮೊದಲ ದಿನವೇ ಹಾಕಿಬಿಟ್ಟೆವು. ಕಾಯುವ ದಿನಗಳು ಎಫರ್ಟ್‌ನಲ್ಲಿ ಸೇರುವುದಿಲ್ಲ, ಆದರೆ ಬಿಡುಗಡೆ ತಾರೀಕನ್ನು ಮುಂದಕ್ಕೆ ತಳ್ಳುತ್ತವೆ. ಪ್ರತಿ ಮೆಸೇಜಿನ ಖರ್ಚೂ ಈ ಅಂಕದಲ್ಲಿ ಇಲ್ಲ. ಅದಕ್ಕೆ ಪಕ್ಕದಲ್ಲಿ ಬೇರೆ ಕಾಲಂ ಇಟ್ಟೆವು.

ಎರಡೂ ಸೆಪ್ಟೆಂಬರ್ ಕೊನೆಗೆ ಹೊರಗೆ ಬಂದವು. ಡಿಸೆಂಬರ್ ಮುಗಿದ ಮೇಲೆ ಶೀಟ್‌ಗೆ 'ನಿಜವಾಗಿ ಆದದ್ದು' ಎಂಬ ಕಾಲಂ ಸೇರಿಸಿ ತುಂಬಿದೆವು. ಕಂತಿನ ಬಾಡಿಗೆ ಬಳಸಿದ ಮಾಲೀಕರು 262. ನಾವು ಬರೆದ 310ಕ್ಕೆ ಹತ್ತಿರ. ವಾಟ್ಸಾಪ್ ಬಳಸಿದವರು 171. ನಾವು ಬರೆದದ್ದು 380!

ಯಾಕೆ ಎಂದು ಹತ್ತು ಹನ್ನೆರಡು ಮಾಲೀಕರಿಗೆ ಫೋನ್ ಮಾಡಿದೆವು. ತಾನಾಗಿ ಮೆಸೇಜ್ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಯಾರಿಗೆ ಕಳಿಸಬೇಕು, ಯಾರಿಗೆ ಇನ್ನೆರಡು ದಿನ ಬಿಡಬೇಕು ಎಂಬುದು ಅವರ ಸಂಬಂಧದ ವಿಷಯ. ಕೆಲಸ ಹೋದ ಹುಡುಗಿಗೆ ಮೆಷಿನ್ನು ಬಾಕಿ ಕೇಳಬಾರದು ಎಂದು ಒಬ್ಬರು ಹೇಳಿದರು. ಆ 380 ಬಂದದ್ದು ಫೋನ್ ನಂಬರ್ ತುಂಬಿದ ಮಾಲೀಕರ ಎಣಿಕೆಯಿಂದ. ಅಂದರೆ ಬಳಸಲು ಸಾಧ್ಯ ಇದ್ದವರು, ಬಳಸುವ ಗುರುತು ತೋರಿಸಿದವರಲ್ಲ. ಕಂತಿಗೆ ಗುರುತು ಹುಡುಕಿದ್ದೆವು, ಇದಕ್ಕೆ ಹುಡುಕಿರಲಿಲ್ಲ. ಆದರೂ ಡೇಟಾದಿಂದಲೇ ಬಂದ ಸಂಖ್ಯೆ ಎಂದು ಮೊದಲ ಪ್ರಶ್ನೆಗೆ ಹೌದು ಹಾಕಿದ್ದೆವು.

ಆ ಪ್ರಶ್ನೆಯನ್ನು ಈಗ ತಿದ್ದಿದ್ದೇವೆ: ಜನ ಈಗಾಗಲೇ ಈ ಕೆಲಸ ಮಾಡಿಕೊಳ್ಳುತ್ತಿರುವ ಗುರುತು ಡೇಟಾದಲ್ಲಿ ಸಿಕ್ಕಿದೆಯಾ? ಮಾಲೀಕರೇ ಆನ್ ಮಾಡಬೇಕಾದ ಫೀಚರ್ ಆದರೆ, ಗುರುತು ಸಿಗುವ ತನಕ ರೀಚ್ ಅರ್ಧ ಮಾತ್ರ ಬರೆಯುತ್ತೇವೆ. ತಾನಾಗಿ ಹೋಗುವುದನ್ನು ತೆಗೆದು, ಹೆಸರಿನ ಮುಂದೆ 'ನೆನಪಿಸಿ' ಎಂಬ ಬಟನ್ ಇಟ್ಟೆವು. ಅದಕ್ಕೆ ಒಂದೇ ವಾರ ಹಿಡಿಯಿತು.

ಜನವರಿಯಲ್ಲಿ ಮತ್ತೆ ಬಿಟಿಎಂಗೆ ಹೋಗಿದ್ದೆ. ನೋಟ್‌ಬುಕ್ ಟೇಬಲ್ ಮೇಲೆ ಇತ್ತು. ಬಾಕಿಯ ಪುಟಗಳು ಅಕ್ಟೋಬರ್‌ಗೆ ನಿಂತಿದ್ದವು. ಈಗ ಹಿಂದಿನ ಪುಟಗಳಲ್ಲಿ ಅಕ್ಕ ಅಡ್ವಾನ್ಸ್‌ನಿಂದ ಪೇಂಟಿಂಗ್, ಕೀಲಿ, ಕರೆಂಟ್ ಅಂತ ಹಿಡಿದುಕೊಂಡ ಲೆಕ್ಕ ಬರೆಯುತ್ತಿದ್ದಾರೆ. ಆ ಫೀಚರನ್ನು ಶೀಟ್‌ಗೆ ಹಾಕಿದ್ದೇನೆ. ರೀಚ್ ಕಾಲಂ ಇನ್ನೂ ಖಾಲಿ. ಬಿಟ್ಟುಹೋದವರ ಟಿಪ್ಪಣಿಗಳಲ್ಲಿ ಯಾವ ಪದ ಹುಡುಕಬೇಕು ಎಂದು ಸಪೋರ್ಟ್ ಸಹೋದ್ಯೋಗಿ ಪಟ್ಟಿ ಮಾಡುತ್ತಿದ್ದಾರೆ.