ದೇಶದೊಳಗಿನ ತುಂಡು ದೇಶ: ಎನ್‌ಕ್ಲೇವ್, ಎಕ್ಸ್‌ಕ್ಲೇವ್ ಗುರುತಿಸುವುದು ಹೇಗೆ?

ಒಂದು ಊರು ಒಂದು ಸರ್ಕಾರಕ್ಕೆ ಸೇರಿರುತ್ತದೆ, ಆದರೆ ಅದರ ಸುತ್ತಲಿನ ನೆಲವೆಲ್ಲ ಇನ್ನೊಂದು ಸರ್ಕಾರದ್ದು. ಹೀಗೆ ಚದುರಿಬಿದ್ದ ತುಂಡುಗಳು ಜಗತ್ತಿನಲ್ಲಿ ಹಲವಿವೆ. 2015ರವರೆಗೆ ಅವು ಅತಿ ಹೆಚ್ಚು ಇದ್ದದ್ದು ನಮ್ಮದೇ ದೇಶದ ಗಡಿಯಲ್ಲಿ, ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಹತ್ತಿರ. ಭೂಪಟ ಮುಂದಿಟ್ಟುಕೊಂಡು ಇಂಥ ತುಂಡನ್ನು ಗುರುತಿಸುವುದು ಹೇಗೆ, ಅಲ್ಲಿ ಆಡಳಿತ ಎಲ್ಲಿ ಕೈಕೊಡುತ್ತದೆ ಎಂದು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಗಡಿಗೆರೆಯ ಮೇಲೆ ಬೆರಳಿಟ್ಟು ಒಂದು ಸುತ್ತು ಬನ್ನಿ

ಸುತ್ತು ಮುಗಿಯುವವರೆಗೂ ಒಬ್ಬನೇ ನೆರೆಯವನು ಸಿಕ್ಕರೆ ಆ ಜಾಗ ಎನ್‌ಕ್ಲೇವ್. ನಡುವೆ ಸಮುದ್ರವೋ ಎರಡನೇ ನೆರೆಯವನೋ ಸಿಕ್ಕರೆ ಅಲ್ಲ. ನಮ್ಮ ಸಂಡೂರನ್ನೇ ತೆಗೆದುಕೊಳ್ಳಿ. ಸ್ವಾತಂತ್ರ್ಯಕ್ಕೆ ಮುಂಚೆ ಅದು ಘೋರ್ಪಡೆ ಮನೆತನದ ಸಂಸ್ಥಾನ. ಸುತ್ತಲೂ ಇದ್ದದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಹಾಗಾಗಿ ಸಂಡೂರು ಎನ್‌ಕ್ಲೇವ್.

ಹೆಜ್ಜೆ 2: ಈ ತುಂಡಿನ ತಾಯಿನೆಲ ಬೇರೆಲ್ಲಾದರೂ ಇದೆಯಾ ನೋಡಿ

ಇದ್ದರೆ ಅದು ಎಕ್ಸ್‌ಕ್ಲೇವ್. ಸಂಡೂರಿಗೆ ಅಂಥ ತಾಯಿನೆಲ ಇರಲಿಲ್ಲ, ಅದೇ ಒಂದು ಪೂರ್ತಿ ಸಂಸ್ಥಾನ. ಮಾಹೆಯದು ಉಲ್ಟಾ. ಅದು ಪುದುಚೇರಿಗೆ ಸೇರಿದ್ದು, ಆದರೆ ಪುದುಚೇರಿ ಪಟ್ಟಣ ಇರುವುದು ಪರ್ಯಾಯದ್ವೀಪದ ಆಚೆ ಕರಾವಳಿಯಲ್ಲಿ. ಮಾಹೆಯ ಮೂರು ಕಡೆ ಕೇರಳ, ಒಂದು ಕಡೆ ಅರಬ್ಬಿ ಸಮುದ್ರ. ಆದ್ದರಿಂದ ಅದು ಎಕ್ಸ್‌ಕ್ಲೇವ್ ಹೌದು, ಎನ್‌ಕ್ಲೇವ್ ಅಲ್ಲ. ಅಲ್ಲಿನ ಕೇಸು ಹೈಕೋರ್ಟಿಗೆ ಹೋದರೆ ಹತ್ತಿರದ ಕೊಚ್ಚಿಯಲ್ಲ, ದೂರದ ಮದ್ರಾಸ್ ಹೈಕೋರ್ಟಿಗೇ ಹೋಗಬೇಕು. ಆದರೂ ಮಾಹೆಯವರು ಕೇರಳ ದಾಟಲು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಒಂದೇ ದೇಶದೊಳಗಿನ ತುಂಡಿಗೆ ಇರುವ ದೊಡ್ಡ ಅನುಕೂಲ ಅದು.

ಹೆಜ್ಜೆ 3: ತುಂಡಿನ ಒಳಗೂ ಇಣುಕಿ

ಒಮ್ಮೊಮ್ಮೆ ತುಂಡಿನೊಳಗೆ ಇನ್ನೊಂದು ತುಂಡು ಇರುತ್ತದೆ. ಬಾಂಗ್ಲಾದೇಶದ ಪಂಚಗಢ ಜಿಲ್ಲೆಯಲ್ಲಿ ಬಾಲಾಪಾರಾ ಖಾಗ್ರಾಬಾರಿ ಎಂಬ ಭಾರತದ ತುಂಡೊಂದಿತ್ತು. ಅದರೊಳಗೆ ಬಾಂಗ್ಲಾದೇಶದ ಒಂದು ಊರು. ಆ ಊರಿನೊಳಗೆ ಮತ್ತೆ ಭಾರತದ್ದೊಂದು ಹೊಲ, ಹೆಸರು ದಹಾಲಾ ಖಾಗ್ರಾಬಾರಿ. ವಿಸ್ತೀರ್ಣ ಸುಮಾರು ಒಂದೂಮುಕ್ಕಾಲು ಎಕರೆ, ಬೆಳೆ ಸೆಣಬು. ಆ ಹೊಲದಿಂದ ಭಾರತದ ಮುಖ್ಯ ನೆಲಕ್ಕೆ ನೇರ ದಾರಿಯಲ್ಲಿ ಬರಬೇಕಾದರೆ ಮೊದಲು ಬಾಂಗ್ಲಾದೇಶ, ಆಮೇಲೆ ಭಾರತ, ಮತ್ತೆ ಬಾಂಗ್ಲಾದೇಶ ದಾಟಬೇಕಿತ್ತು. ಇಷ್ಟು ಆಳಕ್ಕೆ ಇಳಿದ ತುಂಡು ಜಗತ್ತಿನಲ್ಲಿ ಅದೊಂದೇ ಇತ್ತು.

ಹೆಜ್ಜೆ 4: ತುಂಡು ಹುಟ್ಟಿದ ಕಾಲ ಯಾವುದು ಕೇಳಿ

ಈ ಪ್ರಶ್ನೆ ಯಾಕೆ ಬೇಕು ಅಂದರೆ, ತುಂಡು ಹುಟ್ಟಿದಾಗ ಬಹುತೇಕ ಯಾರಿಗೂ ತೊಂದರೆ ಇರುವುದಿಲ್ಲ. ಕೂಚ್ ಬಿಹಾರದ ರಾಜರಿಗೂ ಮೊಘಲರಿಗೂ 18ನೇ ಶತಮಾನದ ಆರಂಭದಲ್ಲಿ ಒಪ್ಪಂದವಾಯಿತು. ಯಾವ ಹಳ್ಳಿಯ ಕಂದಾಯ ಯಾರ ಕೈಸೇರುತ್ತಿತ್ತೋ ಅವರಿಗೇ ಉಳಿಯಿತು, ಹಳ್ಳಿ ಎಲ್ಲೇ ಇರಲಿ. ಬ್ರಿಟಿಷರ ಕಾಲದಲ್ಲೂ ಜನ ಸುಮ್ನೆ ಓಡಾಡಿಕೊಂಡಿದ್ದರು. 1947ರಲ್ಲಿ ಪಕ್ಕದ ರಂಗಪುರ ಪೂರ್ವ ಪಾಕಿಸ್ತಾನಕ್ಕೆ ಹೋಯಿತು, 1949ರಲ್ಲಿ ಕೂಚ್ ಬಿಹಾರ ಭಾರತಕ್ಕೆ ಸೇರಿತು. ಕಂದಾಯದ ಲೆಕ್ಕದ ಗೆರೆ ಎರಡು ದೇಶಗಳ ಗಡಿಯಾಗಿಬಿಟ್ಟಿತು. 1952ರಲ್ಲಿ ಪಾಸ್‌ಪೋರ್ಟ್, ವೀಸಾ ನಿಯಮ ಬಂದಾಗ ಬಾಗಿಲು ಪೂರ್ತಿ ಮುಚ್ಚಿತು.

ಹೆಜ್ಜೆ 5: ಅಲ್ಲಿನ ಒಬ್ಬ ರೈತನ ಒಂದು ಕೆಲಸದ ಹಿಂದೆ ಹೋಗಿ

ಆಡಳಿತದ ತೊಡಕು ನಿಜವಾಗಿ ಕಾಣುವುದು ಇಲ್ಲೇ. ಛಿಟ್‌ಮಹಲ್ ಎಂದು ಕರೆಯುತ್ತಿದ್ದ ಈ ತುಂಡುಗಳಲ್ಲಿ 111 ಭಾರತದವು ಬಾಂಗ್ಲಾದೇಶದೊಳಗಿದ್ದವು, 51 ಬಾಂಗ್ಲಾದೇಶದವು ಭಾರತದೊಳಗಿದ್ದವು. 2011ರ ಜಂಟಿ ಎಣಿಕೆಯಲ್ಲಿ ಎಲ್ಲ ಸೇರಿ ಸುಮಾರು 51 ಸಾವಿರ ಜನ ಸಿಕ್ಕರು.

ಬಾಂಗ್ಲಾದೇಶದೊಳಗಿನ ಭಾರತದ ತುಂಡಿನಲ್ಲಿ ಒಬ್ಬ ರೈತ ಇದ್ದಾನೆ ಅಂದುಕೊಳ್ಳಿ. ಮಗಳ ಮದುವೆಗೆ ಎರಡು ಬಿಘಾ ಹೊಲ ಮಾರಬೇಕು. ಹೊಲ ಭಾರತದ್ದು, ಹಾಗಾಗಿ ನೋಂದಣಿ ಆಗಬೇಕಾದದ್ದು ಭಾರತದ ಕಚೇರಿಯಲ್ಲಿ. ಅಲ್ಲಿಗೆ ಹೋಗಲು ಬಾಂಗ್ಲಾದೇಶದ ನೆಲ ದಾಟಬೇಕು, ಅದಕ್ಕೆ ಪಾಸ್‌ಪೋರ್ಟ್, ವೀಸಾ ಬೇಕು. ಪಾಸ್‌ಪೋರ್ಟ್ ಕೊಡುವ ಕಚೇರಿ ಭಾರತದಲ್ಲಿದೆ. ವೀಸಾ ಕೊಡುವ ಬಾಂಗ್ಲಾದೇಶದ ಕಚೇರಿಯೂ ಭಾರತದ ಊರಲ್ಲೇ ಇದೆ. ಅಂದರೆ ಕಾನೂನುಬದ್ಧವಾಗಿ ಗಡಿ ದಾಟುವ ಕಾಗದ ಪಡೆಯಲು ಮೊದಲು ಕಾನೂನು ಮುರಿದು ಗಡಿ ದಾಟಬೇಕು. ಕೊನೆಗೆ ಊರಿನವರೇ ಸೇರಿ ಒಂದು ಕಾಗದದಲ್ಲಿ ಮಾರಾಟ ಬರೆದುಕೊಳ್ಳುತ್ತಿದ್ದರು. ಆ ಕಾಗದಕ್ಕೆ ಯಾವ ಕೋರ್ಟಿನಲ್ಲೂ ಬೆಲೆ ಇರಲಿಲ್ಲ.

ಮಿಕ್ಕ ಕೆಲಸಗಳೂ ಇದೇ ತರ ನಿಂತುಹೋಗುತ್ತಿದ್ದವು. ಕಳ್ಳತನವಾದರೆ ಪಕ್ಕದ ಠಾಣೆಯ ಪೊಲೀಸರಿಗೆ ಒಳಗೆ ಬರುವ ಅಧಿಕಾರವಿಲ್ಲ, ಅಧಿಕಾರ ಇದ್ದ ಪೊಲೀಸರಿಗೆ ಬರುವ ದಾರಿಯಿಲ್ಲ. ಕರೆಂಟಿನ ಕಂಬ ತುಂಡಿನ ಅಂಚಿಗೇ ನಿಲ್ಲುತ್ತಿತ್ತು. ಮಕ್ಕಳನ್ನು ಶಾಲೆಗೆ ಸೇರಿಸಲು ಪಕ್ಕದ ಊರಿನ ಸುಳ್ಳು ವಿಳಾಸ, ಕೆಲವೊಮ್ಮೆ ಬೇರೆಯವರ ತಂದೆಯ ಹೆಸರು ಕೊಡಬೇಕಾಗುತ್ತಿತ್ತು. ಇದನ್ನು ಮೋಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬೇರೆ ದಾರಿ ಇತ್ತಾ ಅವರಿಗೆ?

ಹೆಜ್ಜೆ 6: ಪರಿಹಾರ ಯಾವುದು, ಅದಕ್ಕೆ ಯಾರ ಸಹಿ ಬೇಕು ನೋಡಿ

ತುಂಡುಗಳನ್ನು ಅದಲುಬದಲು ಮಾಡಿದರೆ ಮುಗಿಯಿತಲ್ವಾ ಅನ್ನಿಸುತ್ತದೆ. 1958ರಲ್ಲಿ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಅದಕ್ಕೇ ಒಪ್ಪಿಕೊಂಡರು. ಆದರೆ 1960ರಲ್ಲಿ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಶದ ನೆಲವನ್ನು ಬಿಟ್ಟುಕೊಡಲು ಪ್ರಧಾನಿಯ ಸಹಿ ಸಾಲದು, ಸಂವಿಧಾನದ ತಿದ್ದುಪಡಿಯೇ ಬೇಕು ಎಂದಿತು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಮುಜಿಬುರ್ ರೆಹಮಾನ್ ಹೊಸ ಒಪ್ಪಂದ ಮಾಡಿಕೊಂಡರೂ ತುಂಡುಗಳ ಅದಲುಬದಲಿಗೆ ಬೇಕಾದ ತಿದ್ದುಪಡಿ ನಮ್ಮ ಸಂಸತ್ತಿನಲ್ಲಿ ಪಾಸಾಗಲು 2015 ಬರಬೇಕಾಯಿತು. ಅದು 100ನೇ ತಿದ್ದುಪಡಿ. ಭಾರತ 17 ಸಾವಿರಕ್ಕೂ ಜಾಸ್ತಿ ಎಕರೆ ಕೊಟ್ಟು ಸುಮಾರು 7 ಸಾವಿರ ಎಕರೆ ಪಡೆಯುತ್ತಿತ್ತು. ವಿರೋಧಕ್ಕೆ ಈ ಲೆಕ್ಕವೇ ಮುಖ್ಯ ಕಾರಣ. ನನಗೆ ಆ ವಿರೋಧ ಸರಿ ಕಾಣುವುದಿಲ್ಲ. ನಮ್ಮ ಅಧಿಕಾರಿ ಕಾಲಿಡಲಾಗದ ನೆಲ ಕಾಗದದಲ್ಲಿ ಮಾತ್ರ ನಮ್ಮದಾಗಿತ್ತು.

2015ರ ಜುಲೈ 31ರ ನಡುರಾತ್ರಿ ಅದಲುಬದಲು ಆಯಿತು. ಜನರಿಗೆ ದೇಶ ಆರಿಸಿಕೊಳ್ಳುವ ಅವಕಾಶವಿತ್ತು. ಬಾಂಗ್ಲಾದೇಶದ ಕಡೆಯಿಂದ ಭಾರತಕ್ಕೆ ಬಂದವರು ಸಾವಿರಕ್ಕಿಂತ ಕಡಿಮೆ. ಭಾರತದ ಕಡೆಯಿಂದ ಆಚೆ ಹೋಗಲು ಯಾರೂ ಬಯಸಲಿಲ್ಲ. ಬಂದವರನ್ನು ದಿನ್ಹಾಟಾ, ಮೇಖ್ಲಿಗಂಜ್, ಹಲ್ದಿಬಾರಿಯ ಶಿಬಿರಗಳಲ್ಲಿ ಇರಿಸಿದರು.

ಅದಲುಬದಲು ಆಗದ ಕಡೆ ಎರಡನೇ ದಾರಿ ಕಾರಿಡಾರ್. ಬಾಂಗ್ಲಾದೇಶದ ದಹಗ್ರಾಮ್-ಅಂಗರ್‌ಪೋತಾ ಇವತ್ತಿಗೂ ಭಾರತದ ನೆಲದಿಂದ ಸುತ್ತುವರಿದೇ ಇದೆ. ಅದನ್ನು ತಾಯಿನೆಲಕ್ಕೆ ಜೋಡಿಸುವುದು ತೀನ್ ಬಿಘಾ ಕಾರಿಡಾರ್, 178 ಮೀಟರ್ ಉದ್ದ, 85 ಮೀಟರ್ ಅಗಲ. ಕಾರಿಡಾರ್ ನಿಜಕ್ಕೂ ಉಪಯೋಗಕ್ಕೆ ಬರುತ್ತಿದೆಯೇ ಎಂದು ತಿಳಿಯಲು ಉದ್ದ, ಅಗಲ ನೋಡಬೇಡಿ, ಗೇಟು ತೆರೆದಿರುವ ಸಮಯ ನೋಡಿ. 1992ರಲ್ಲಿ ತೀನ್ ಬಿಘಾ ತೆರೆದಾಗ ಓಡಾಟ ಹಗಲಿನಲ್ಲಿ ಮಾತ್ರ, ಅದೂ ಗಂಟೆಗಳ ಲೆಕ್ಕದಲ್ಲಿ. ರಾತ್ರಿ ಹೆರಿಗೆ ನೋವು ಬಂದರೆ ಗೇಟು ತೆರೆಯುವವರೆಗೆ ಕಾಯಬೇಕಿತ್ತು. ದಿನದ 24 ಗಂಟೆಯೂ ತೆರೆದಿಡಲು ಎರಡೂ ಸರ್ಕಾರಗಳು ಒಪ್ಪಿದ್ದು 2011ರಲ್ಲಿ.